ಒಂದು ಭಿನ್ನರಾಶಿ, ಒಂದು N, ಹಲವು ತಪ್ಪು ಕಲ್ಪನೆ

ಬಿ.ಎಸ್ಸಿ. ಗಣಿತ ಓದಿದವರಿಗೆಲ್ಲ ಪರಿಚಯವಿರುವ ಪ್ರಶ್ನೆಯಿದು: ಒಂದು ಅನುಕ್ರಮ ಕೊಟ್ಟು, ಅದು ಇಂಥ ಮಿತಿಗೆ ಅಭಿಸರಿಸುತ್ತದೆ ಎಂದು ವ್ಯಾಖ್ಯೆಯಿಂದಲೇ ಸಾಧಿಸಿ ಎನ್ನುತ್ತಾರೆ. ಲೆಕ್ಕ ದೊಡ್ಡದಲ್ಲ, ಹೈಸ್ಕೂಲಿನ ಬೀಜಗಣಿತ ಸಾಕು. ಆದರೂ ಉತ್ತರ ಪತ್ರಿಕೆಗಳಲ್ಲಿ ವಿದ್ಯಾರ್ಥಿಗಳು ಎಡವುವುದು ಬೀಜಗಣಿತದಲ್ಲಲ್ಲ. ಏನನ್ನು ಸಾಧಿಸಬೇಕು, ಎಷ್ಟು ಸಾಧಿಸಿದರೆ ಸಾಕು ಎನ್ನುವಲ್ಲಿ.

ಇಡೀ ಬರಹಕ್ಕೆ ಒಂದೇ ಉದಾಹರಣೆ ಇಟ್ಟುಕೊಳ್ಳೋಣ:

a_n = (2n² + 3n) / (n² − 5n + 7), n = 1, 2, 3, …

ಇದರ ಮಿತಿ 2 ಎಂದು ತೋರಿಸಬೇಕು. ಅಂದರೆ, ಯಾರಾದರೂ ε ಎಂಬ ಧನ ಸಂಖ್ಯೆಯನ್ನು ಕೊಡಲಿ, ಅದಕ್ಕೆ ತಕ್ಕ ಒಂದು N ನಾವು ಕೊಡಬೇಕು. N ಮತ್ತು ಅದರಾಚೆಗಿನ ಪ್ರತಿಯೊಂದು n ಗೂ |a_n − 2| < ε ಆಗಿರಬೇಕು. ಮೊದಲೇ ಒಂದು ಮಾತು: ಛೇದ ಎಲ್ಲೂ ಸೊನ್ನೆಯಾಗುವುದಿಲ್ಲ. n² − 5n + 7 ರ ಶೋಧಕ 25 − 28, ಅಂದರೆ −3. ಆದ್ದರಿಂದ ಛೇದ ಯಾವಾಗಲೂ ಧನ, ಎಲ್ಲ ಪದಗಳಿಗೂ ಅರ್ಥವಿದೆ.

ತಪ್ಪು ಕಲ್ಪನೆ: ಅಂಶ ಮತ್ತು ಛೇದವನ್ನು n² ನಿಂದ ಭಾಗಿಸಿ 2 ಎಂದು ತೋರಿಸಿದರೆ ಸಾಧನೆ ಮುಗಿಯಿತು.

ವಾಸ್ತವ: ಭಾಗಿಸಿದರೆ (2 + 3/n) / (1 − 5/n + 7/n²) ಬರುತ್ತದೆ. 3/n, 5/n, 7/n² ಸೊನ್ನೆಯತ್ತ ಹೋಗುತ್ತವೆ, ಉಳಿಯುವುದು 2. ಉತ್ತರ ಸರಿ, ದಾರಿಯೂ ಸರಿ. ಆದರೆ ಈ ದಾರಿಯಲ್ಲಿ ಮೊತ್ತದ ಮಿತಿ, ಭಾಗಲಬ್ಧದ ಮಿತಿ ಎಂಬ ಪ್ರಮೇಯಗಳನ್ನು ಬಳಸಿಕೊಂಡಿದ್ದೇವೆ. ಪ್ರಶ್ನೆ ಕೇಳಿದ್ದು ಆ ಪ್ರಮೇಯಗಳ ನೆರವಿಲ್ಲದೆ ಮಾಡಿ ಎಂದು. ಪ್ರಮೇಯ ಇರುವಾಗ ಇಷ್ಟೆಲ್ಲ ಕಷ್ಟ ಯಾಕೆ ಎಂದು ವಿದ್ಯಾರ್ಥಿಗಳು ಕೇಳುವುದು ಸಹಜ, ಮತ್ತು ಅದು ನ್ಯಾಯವಾದ ಪ್ರಶ್ನೆ. ಪ್ರಮೇಯ ಕೊಡುವುದು ಮಿತಿಯನ್ನು ಮಾತ್ರ. ಎಷ್ಟನೆಯ ಪದದಿಂದ ಮುಂದೆ ತಪ್ಪು 0.01 ಕ್ಕಿಂತ ಕಡಿಮೆ ಎಂದು ಕೇಳಿದರೆ ಅದು ಸುಮ್ಮನಾಗುತ್ತದೆ. ವ್ಯಾಖ್ಯೆಯಿಂದ ಮಾಡಿದ ಸಾಧನೆ ಆ ಸಂಖ್ಯೆಯನ್ನೂ ಕೈಗಿಡುತ್ತದೆ.

ಹಾಗೆಂದು ಭಾಗಿಸುವುದು ವ್ಯರ್ಥವಲ್ಲ. ಮಿತಿ 2 ಇರಬೇಕು ಎಂಬ ಊಹೆ ಬರುವುದೇ ಅದರಿಂದ. ವ್ಯಾಖ್ಯೆ ಮಿತಿಯನ್ನು ಹುಡುಕಿ ಕೊಡುವುದಿಲ್ಲ, ನಾವು ಮುಂದಿಟ್ಟ ಸಂಖ್ಯೆ ಸರಿಯೋ ಅಲ್ಲವೋ ಎಂದು ಪರೀಕ್ಷಿಸುತ್ತದೆ, ಅಷ್ಟೆ. ಭಾಗಿಸುವ ಕೆಲಸವನ್ನು ಕಚ್ಚಾ ಹಾಳೆಯಲ್ಲಿ ಮಾಡಿ, 2 ನ್ನು ಎತ್ತಿಕೊಂಡು ಬನ್ನಿ.

ತಪ್ಪು ಕಲ್ಪನೆ: ಮಿತಿಗೆ ಹೋಗುವುದೆಂದರೆ ಪ್ರತಿ ಪದವೂ ಹಿಂದಿನದಕ್ಕಿಂತ ಮಿತಿಗೆ ಹತ್ತಿರವಾಗುತ್ತಾ ಬರುವುದು.

ವಾಸ್ತವ: ನಮ್ಮ ಅನುಕ್ರಮದ ಮೊದಲ ಪದಗಳನ್ನೇ ಲೆಕ್ಕ ಹಾಕಿ ನೋಡಿ. a_1 = 5/3, ಅಂದರೆ 2 ರಿಂದ ಮೂರನೇ ಒಂದರಷ್ಟು ಮಾತ್ರ ದೂರ. a_2 = 14. a_3 = 27. ಹತ್ತಿರ ಬರುವುದಿರಲಿ, ಹಾರಿಯೇ ಹೋಯಿತು! ಆಮೇಲೆ a_4 ಸುಮಾರು 14.67, a_5 ಸುಮಾರು 9.29, a_6 ಸುಮಾರು 6.92 ಎಂದು ಇಳಿಯತೊಡಗುತ್ತದೆ. n ಚಿಕ್ಕದಿರುವಾಗ ಛೇದದ −5n ಎಂಬ ಪದ n² ನ್ನು ಹೆಚ್ಚುಕಡಿಮೆ ನುಂಗಿಬಿಡುತ್ತದೆ. n = 2 ಮತ್ತು n = 3 ರಲ್ಲಿ ಛೇದ ಬರೀ 1 ಇರುವುದರಿಂದ ಈ ನೆಗೆತ.

ವ್ಯಾಖ್ಯೆಗೆ ಇದರ ಚಿಂತೆಯಿಲ್ಲ. ε = 1/2 ಎಂದಿರಲಿ. ಮೊದಲ ಪದ 2 ರ ಸುತ್ತಲಿನ ಆ ಪಟ್ಟಿಯೊಳಗೇ ಇದೆ, ಎರಡನೆಯದು ಹೊರಗೆ ಹಾರುತ್ತದೆ, 29 ನೆಯದರವರೆಗೂ ಹೊರಗೇ ಇರುತ್ತದೆ, 30 ನೆಯದರಿಂದ ಒಳಗೆ ಬಂದು ಇನ್ನೆಂದೂ ಹೊರಹೋಗುವುದಿಲ್ಲ. 'ಇನ್ನೆಂದೂ' ಎನ್ನುವ ಆ ಭಾಗವೇ ಮುಖ್ಯ. ಒಂದು ಪದ ಒಳಗೆ ಬಿದ್ದ ಮಾತ್ರಕ್ಕೆ ಏನೂ ಸಾಬೀತಾಗುವುದಿಲ್ಲ ಎಂಬುದಕ್ಕೆ a_1 ಸಾಕ್ಷಿ. ಆದ್ದರಿಂದಲೇ ಕ್ಯಾಲ್ಕುಲೇಟರಿನಲ್ಲಿ ನಾಲ್ಕು ಬೆಲೆ ಹಾಕಿ ನೋಡುವುದು ಸಾಧನೆಯಾಗುವುದಿಲ್ಲ. N ಆಚೆಯ ಎಲ್ಲ n ಗಳನ್ನೂ ಒಂದೇ ಏಟಿಗೆ ಹಿಡಿಯುವ ಅಸಮತೆ ಬೇಕು.

ತಪ್ಪು ಕಲ್ಪನೆ: |a_n − 2| < ε ಎಂಬುದನ್ನು n ಗೆ ಬಿಡಿಸಿ, ಸರಿಯಾದ N ಕಂಡುಹಿಡಿಯಬೇಕು.

ವಾಸ್ತವ: ಇಲ್ಲಿ ನಿಧಾನವಾಗಿ ಹೋಗೋಣ, ಅತಿ ಹೆಚ್ಚು ಹಾಳೆ ವ್ಯರ್ಥವಾಗುವುದು ಇಲ್ಲೇ.

ಮೊದಲು ವ್ಯತ್ಯಾಸ:

a_n − 2 = (2n² + 3n − 2n² + 10n − 14) / (n² − 5n + 7) = (13n − 14) / (n² − 5n + 7)

ಅಂಶದಲ್ಲಿ n² ರದ್ದಾಯಿತು. ಮಿತಿಯ ಊಹೆ ಸರಿಯಿದ್ದರೆ ಹೀಗಾಗಲೇಬೇಕು. ಈಗ ಇದು ε ಗಿಂತ ಕಡಿಮೆಯಾಗಬೇಕು. ಹೈಸ್ಕೂಲಿನ ಅಭ್ಯಾಸಬಲದಿಂದ ಕೈ ತಾನಾಗಿಯೇ ಅಡ್ಡಗುಣಾಕಾರಕ್ಕೆ ಹೋಗುತ್ತದೆ: 13n − 14 < ε(n² − 5n + 7). ಇದನ್ನು ಜೋಡಿಸಿದರೆ εn² − (5ε + 13)n + 7ε + 14 > 0 ಎಂಬ ವರ್ಗ ಅಸಮತೆ. ಸೂತ್ರ ಹಾಕಿ, ವರ್ಗಮೂಲದೊಳಗೆ ε ಗಳ ಒಂದು ರಾಶಿ ತುಂಬಿಸಿ, ಎರಡು ಮೂಲಗಳಲ್ಲಿ ದೊಡ್ಡದನ್ನು ಆರಿಸಿ, ಮೂಲಗಳೇ ಇಲ್ಲದಂಥ ε ಗಳಿಗೆ ಏನು ಮಾಡುವುದು ಎಂದು ಮತ್ತೆ ಯೋಚಿಸಬೇಕು. ಮಾಡಬಹುದು. ಆದರೆ ಛೇದದಲ್ಲಿ n⁵ ಇದ್ದಿದ್ದರೆ? ಐದನೇ ಘಾತದ ಸಮೀಕರಣಕ್ಕೆ ಅಂಥ ಸಾಮಾನ್ಯ ಸೂತ್ರವೇ ಇಲ್ಲ.

ವ್ಯಾಖ್ಯೆ ಅಷ್ಟನ್ನು ಕೇಳುವುದೇ ಇಲ್ಲ. N 'ಇದೆ' ಎಂದರೆ ಸಾಕು. ಅತಿ ಚಿಕ್ಕ N ಬೇಕೆಂದು ಯಾವ ಪಠ್ಯಪುಸ್ತಕದ ವ್ಯಾಖ್ಯೆಯಲ್ಲೂ ಇಲ್ಲ. ಒಂದು N ಕೆಲಸ ಮಾಡಿದರೆ ಅದಕ್ಕಿಂತ ದೊಡ್ಡದು ಯಾವುದಾದರೂ ಮಾಡುತ್ತದೆ. ಒಂಬತ್ತು ಗಂಟೆಯ ಬಸ್ಸಿಗೆ ಎಂಟೂವರೆಗೇ ನಿಲ್ದಾಣದಲ್ಲಿರುವವನನ್ನು, ಎಂಟು ಐವತ್ತೊಂಬತ್ತಕ್ಕೆ ಯಾಕೆ ಬರಲಿಲ್ಲ ಎಂದು ಯಾರೂ ಕೇಳುವುದಿಲ್ಲ.

ಹಾಗಾಗಿ ಮಾಡಬೇಕಾದ್ದು ಇಷ್ಟು: (13n − 14)/(n² − 5n + 7) ಎಂಬ ತೊಡಕಿನ ರಾಶಿಗಿಂತ ದೊಡ್ಡದಾದ, ಆದರೆ ಸರಳವಾದ, ಮತ್ತು ಆದರೂ ಸೊನ್ನೆಯತ್ತಲೇ ಹೋಗುವ ಒಂದು ರಾಶಿಯನ್ನು ಹಿಡಿಯಬೇಕು. C/n ಎಂಬ ರೂಪದ್ದು ಸಿಕ್ಕರೆ ಅದಕ್ಕಿಂತ ಸುಖ ಬೇರಿಲ್ಲ.

ಅಂಶ ಸುಲಭ. n ≥ 1 ಆದಾಗ |13n − 14| ≤ 13n. (n = 1 ಆದಾಗ ಅಂಶ −1. ನಿರಪೇಕ್ಷ ಮೌಲ್ಯದ ಗೆರೆಗಳನ್ನು ಅವಸರದಲ್ಲಿ ತೆಗೆದುಬಿಡಬೇಡಿ ಎಂದು ಹೇಳಲು ಆ ಒಂದು ಪದ ಕಾದು ಕೂತಿದೆ.)

ಛೇದಕ್ಕೆ ಸ್ವಲ್ಪ ಉಪಾಯ ಬೇಕು. ಅದು ಕನಿಷ್ಠ ಇಷ್ಟಾದರೂ ಇದೆ ಎಂದು ಹೇಳಬೇಕು. ತೊಂದರೆ ಕೊಡುವುದು −5n. ಅದು n² ನ ಅರ್ಧಕ್ಕಿಂತ ಹೆಚ್ಚನ್ನು ತಿನ್ನದಂತೆ ನೋಡಿಕೊಂಡರೆ, ಉಳಿದರ್ಧ ನಮ್ಮದು. 5n ≤ n²/2 ಆಗುವುದು n ≥ 10 ಆದಾಗ. ಆಗ

n² − 5n + 7 ≥ n² − n²/2 + 7 > n²/2

ಎರಡನ್ನೂ ಕೂಡಿಸಿದರೆ, n ≥ 10 ಆದಾಗಲೆಲ್ಲ

|a_n − 2| < 13n / (n²/2) = 26/n

ಈಗ 26/n ≤ ε ಆಗಲು n ≥ 26/ε ಸಾಕು. ಆದ್ದರಿಂದ 10 ಮತ್ತು 26/ε ಎರಡಕ್ಕೂ ಕಡಿಮೆಯಿಲ್ಲದ ಯಾವುದಾದರೂ ಒಂದು ಸ್ವಾಭಾವಿಕ ಸಂಖ್ಯೆಯನ್ನು N ಎಂದು ಆರಿಸಿ. ಅಂಥ ಸಂಖ್ಯೆ ಇದ್ದೇ ಇದೆ ಎಂಬ ಭರವಸೆ ಆರ್ಕಿಮಿಡೀಸನ ಗುಣದ್ದು: ಎಷ್ಟೇ ದೊಡ್ಡ ನೈಜ ಸಂಖ್ಯೆ ಕೊಟ್ಟರೂ ಅದನ್ನು ಮೀರುವ ಸ್ವಾಭಾವಿಕ ಸಂಖ್ಯೆ ಇದೆ.

ಎಷ್ಟು ನಷ್ಟವಾಯಿತು? ε = 0.01 ಆದಾಗ ನಮ್ಮ N 2600. ವರ್ಗ ಅಸಮತೆಯನ್ನು ಹಟ ಹಿಡಿದು ಬಿಡಿಸಿದರೆ ಬರುವ ಅತಿ ಚಿಕ್ಕ N 1304. ಎರಡು ಪಟ್ಟಿನಷ್ಟು ಧಾರಾಳತನ ತೋರಿಸಿದ್ದೇವೆ, ಅದಕ್ಕೆ ಅಂಕ ಕಡಿಮೆಯಾಗುವುದಿಲ್ಲ. ಇನ್ನೂ ಧಾರಾಳವಾಗಿದ್ದರೂ ನಡೆಯುತ್ತದೆ. (3n² + 1)/(n² + 4) ರ ಮಿತಿ 3, ಅಲ್ಲಿನ ವ್ಯತ್ಯಾಸ 11/(n² + 4). ಇದು 11/n² ಗಿಂತ ಕಡಿಮೆ, ಹಾಗಾಗಿ ε = 0.01 ಗೆ N = 34 ಸಾಕು. ವರ್ಗಮೂಲ ಬೇಡವೆಂದು 11/n² ≤ 11/n ಎಂದು ಬರೆದು N = 1100 ತೆಗೆದುಕೊಂಡವರ ಸಾಧನೆಯೂ ಅಷ್ಟೇ ಪೂರ್ಣ.

ತಪ್ಪು ಕಲ್ಪನೆ: n ದೊಡ್ಡದಾದಾಗ ಚಿಕ್ಕ ಪದಗಳನ್ನು ಕೈಬಿಡಬಹುದು, ಯಾವುದನ್ನು ಬಿಟ್ಟರೂ ಒಂದೇ.

ವಾಸ್ತವ: ಧಾರಾಳತನಕ್ಕೆ ಒಂದು ದಿಕ್ಕಿದೆ. ಭಿನ್ನರಾಶಿ ದೊಡ್ಡದಾಗುವಂತೆ ಮಾತ್ರ ಬದಲಿಸಬಹುದು. ಅಂಶವನ್ನು ಹಿಗ್ಗಿಸಬಹುದು, ಛೇದವನ್ನು ಕುಗ್ಗಿಸಬಹುದು. ತಿರುಗಾಮುರುಗಾ ಮಾಡಿದರೆ ಸಾಧನೆ ಬಿದ್ದುಹೋಗುತ್ತದೆ, ಎಷ್ಟೋ ಸಲ ಉತ್ತರ ಮಾತ್ರ ಸರಿಯಾಗಿಯೇ ಕಾಣುತ್ತಿರುತ್ತದೆ.

ಹೀಗೆ ಬರೆದವರನ್ನು ಊಹಿಸಿಕೊಳ್ಳಿ: "13n − 14 ಬದಲು 13n ಇಡೋಣ, n² − 5n + 7 ಬದಲು n² ಇಡೋಣ. ಆಗ 13/n. ಆದ್ದರಿಂದ N = 13/ε." ನೋಡಲು ಎಷ್ಟು ಅಚ್ಚುಕಟ್ಟು! ಅಂಶದ ಕೆಲಸ ಸರಿಯಿದೆ: −14 ನ್ನು ಬಿಟ್ಟಾಗ ಅಂಶ ಹಿಗ್ಗಿತು. ಆದರೆ ಛೇದದಲ್ಲಿ −5n + 7 ನ್ನು ಬಿಟ್ಟಾಗ n ≥ 2 ಗೆ ಛೇದ ದೊಡ್ಡದಾಯಿತು, ಅಂದರೆ ಭಿನ್ನರಾಶಿ ಚಿಕ್ಕದಾಯಿತು. |a_n − 2| ಎಂಬುದು 13/n ಗಿಂತ ಕಡಿಮೆ ಎಂದು ಈಗ ಯಾರೂ ಭರವಸೆ ಕೊಡಲಾರರು.

ಭರವಸೆ ಕೊಡಲಾರರು ಎಂದರೆ ನಿಜವಾಗಿಯೂ ಸೋಲುತ್ತದೆಯೇ? ಲೆಕ್ಕ ಹಾಕೋಣ. ε = 0.01 ಗೆ ಅವರ N = 1300. n = 1300 ಇಟ್ಟರೆ ಅಂಶ 16886, ಛೇದ 16,83,507. ಛೇದದ ನೂರನೇ ಒಂದು ಭಾಗ 16835.07. ಅಂಶ ಅದಕ್ಕಿಂತ ಹೆಚ್ಚಿದೆ, ಅಂದರೆ ವ್ಯತ್ಯಾಸ 0.01 ನ್ನು ದಾಟಿದೆ. 1301, 1302, 1303 ಕ್ಕೂ ಇದೇ ಕತೆ. 1304 ರಲ್ಲಿ ಅಂಶ 16938, ಛೇದದ ನೂರನೇ ಒಂದು ಭಾಗ 16939.03. ಅಂತೂ ಕೂದಲೆಳೆಯಲ್ಲಿ ಪಾರು.

ನಾಲ್ಕೇ ಪದಗಳ ತಪ್ಪು, ಅದೂ ಮೂರನೇ ದಶಮಾಂಶದಾಚೆ. ಎಂಜಿನಿಯರ್ ಒಬ್ಬರು ಇದಕ್ಕೆ ತಲೆ ಕೆಡಿಸಿಕೊಳ್ಳದಿರಬಹುದು. ಆದರೆ ಇಲ್ಲಿ ಹೇಳಿಕೆ 'N ಆಚೆಗಿನ ಪ್ರತಿಯೊಂದು n' ಕುರಿತದ್ದು. ಒಂದು n ಸೋತರೂ ಆ N ಸೋತಂತೆ. ಮಿತಿ 2 ಎಂಬುದು ನಿಜ, N = 13/ε ಕೆಲಸ ಮಾಡುತ್ತದೆ ಎಂಬುದು ಸುಳ್ಳು. ಎರಡೂ ಒಟ್ಟಿಗೆ ಸಾಧ್ಯ ಎಂಬುದೇ ಈ ತಪ್ಪನ್ನು ಹಿಡಿಯಲು ಕಷ್ಟವಾಗಿಸುತ್ತದೆ. ಪತ್ತೆಹಚ್ಚುವ ದಾರಿ ಒಂದೇ: ಪ್ರತಿ ≤ ಗುರುತಿನ ಬಳಿ ನಿಂತು, ಇಲ್ಲಿ ಬದಲಾದದ್ದು ಅಂಶವೋ ಛೇದವೋ, ಹಿಗ್ಗಿತೋ ಕುಗ್ಗಿತೋ ಎಂದು ಕೇಳುವುದು. ಛೇದದಲ್ಲಿ ಬರೀ ಕೂಡಿಕೆಯಿದ್ದರೆ, ಉದಾಹರಣೆಗೆ n² + 5n + 7 ಎಂದಿದ್ದರೆ, ಅದನ್ನು n² ಗೆ ಇಳಿಸುವುದರಲ್ಲಿ ತಪ್ಪೇನೂ ಇಲ್ಲ. ಅಲ್ಲಿ ಕಲಿತ ಅಭ್ಯಾಸವನ್ನು ಕಳೆಯುವ ಚಿಹ್ನೆ ಇರುವಲ್ಲಿಗೂ ಎಳೆದು ತರುವುದರಿಂದಲೇ ಇದು ಆಗುವುದು.

ತಪ್ಪು ಕಲ್ಪನೆ: n² ನ ಅರ್ಧವನ್ನು ಉಳಿಸಿಕೊಳ್ಳುವುದು ನಿಯಮ, ಅಲ್ಲಿ ಬಂದ n ≥ 10 ಎಂಬುದು ಬರೀ ನಡುವಿನ ಲೆಕ್ಕ.

ವಾಸ್ತವ: ಅರ್ಧ ನಮ್ಮ ಅನುಕೂಲ. ಆದರೆ 10 ನಮ್ಮ ಅನುಕೂಲ ಅಲ್ಲ, ಅರ್ಧವನ್ನು ಆರಿಸಿದ್ದಕ್ಕೆ ಕೊಡಬೇಕಾದ ಬೆಲೆ.

ಹತ್ತರಲ್ಲಿ ಒಂಬತ್ತು ಭಾಗ ಉಳಿಸಿಕೊಳ್ಳುತ್ತೇನೆ ಎಂದರೂ ಸರಿಯೇ. ಆಗ 5n ≤ n²/10 ಆಗಬೇಕು, ಅಂದರೆ n ≥ 50. ಛೇದ 9n²/10 ಗಿಂತ ಹೆಚ್ಚಿರುತ್ತದೆ, ವ್ಯತ್ಯಾಸ 130/(9n) ಗಿಂತ ಕಡಿಮೆ. ε = 0.01 ಗೆ N = 1445 ಬರುತ್ತದೆ. ಇದು 2600 ಕ್ಕಿಂತ 1304 ರ ಹತ್ತಿರ ಹೋಯಿತು. ಆದರೆ ಬದಲಿಗೆ 10 ರ ಜಾಗದಲ್ಲಿ 50 ರವರೆಗೆ ಕಾಯಬೇಕಾಯಿತು. ಹೆಚ್ಚು ಉಳಿಸಿಕೊಂಡಷ್ಟೂ ಕೊನೆಯ ಅಸಮತೆ ಬಿಗಿಯಾಗುತ್ತದೆ, ಅದು ಜಾರಿಗೆ ಬರುವುದು ತಡವಾಗುತ್ತದೆ. ಪರೀಕ್ಷೆಯಲ್ಲಿ ಅರ್ಧವೇ ಹಿತ, ಭಿನ್ನಾಂಕಗಳ ಗೋಜಲಿಲ್ಲ.

ಈ ನಡುವಿನ 10 ನ್ನು ಕೊನೆಯಲ್ಲಿ ಮರೆಯುವವರು ಬಹಳ. "N ≥ 26/ε ಇರಲಿ" ಎಂದಷ್ಟೇ ಬರೆದು ಮುಗಿಸುತ್ತಾರೆ. ε ಚಿಕ್ಕದಿದ್ದಾಗ ಯಾರಿಗೂ ಇದು ಗೊತ್ತಾಗುವುದಿಲ್ಲ, ಯಾಕೆಂದರೆ 26/ε ತಾನಾಗಿಯೇ 10 ನ್ನು ದಾಟಿರುತ್ತದೆ. ε = 10 ಇಟ್ಟು ನೋಡಿ. 26/10 = 2.6, ಹಾಗಾಗಿ N = 3 ಎನ್ನುತ್ತದೆ ಅವರ ಸೂತ್ರ. ಆದರೆ a_3 = 27, 2 ರಿಂದ 25 ದೂರ. a_4 ಕೂಡ 12 ಕ್ಕೂ ಮೀರಿ ದೂರದಲ್ಲಿದೆ. ಹೇಳಿಕೆ ಸುಳ್ಳಾಯಿತು. N ಆರಿಸುವಾಗ 10 ಮತ್ತು 26/ε ಇವುಗಳಲ್ಲಿ ದೊಡ್ಡದನ್ನು ತೆಗೆದುಕೊಳ್ಳಬೇಕು ಎನ್ನುವುದು ಅಲಂಕಾರಕ್ಕೆ ಹೇಳಿದ ಮಾತಲ್ಲ.

"ಹತ್ತರಷ್ಟು ದೊಡ್ಡ ε ಯಾರು ಕೊಡುತ್ತಾರೆ?" ಎಂದು ವಾದಿಸಬಹುದು. ಸಾಧನೆಯ ಮೊದಲ ಸಾಲಿನಲ್ಲೇ "0 < ε < 1 ಎಂದು ತೆಗೆದುಕೊಳ್ಳೋಣ, ದೊಡ್ಡ ε ಗಳಿಗೆ ಚಿಕ್ಕದರ N ಸಾಕು" ಎಂದು ಬರೆದರೆ ಆ ವಾದ ಸಿಂಧು. ಆಗ 26/ε ಯಾವಾಗಲೂ 26 ಕ್ಕಿಂತ ಹೆಚ್ಚು, 10 ರ ಗೊಡವೆಯೇ ಇಲ್ಲ. ಆದರೆ ಆ ಸಾಲನ್ನು ಬರೆಯಬೇಕು. ಮನಸ್ಸಿನಲ್ಲಿ ಇಟ್ಟುಕೊಂಡರೆ ಮೌಲ್ಯಮಾಪಕರಿಗೆ ಕಾಣುವುದಿಲ್ಲ.

ತಪ್ಪು ಕಲ್ಪನೆ: |a_n − 2| < ε ಎಂದು ಶುರುಮಾಡಿ n > ಇಷ್ಟು ಎಂದು ಬಂದರೆ ಸಾಧನೆಯಾಯಿತು.

ವಾಸ್ತವ: ಅದು N ಹುಡುಕಿದ ದಾರಿ. ಸಾಧನೆ ನಡೆಯಬೇಕಾದ್ದು ಅದರ ಎದುರು ದಿಕ್ಕಿನಲ್ಲಿ: n ≥ N ಎಂದು ಇಟ್ಟುಕೊಂಡು ಹೊರಟು |a_n − 2| < ε ತಲುಪಬೇಕು. ಸಮೀಕರಣ ಬಿಡಿಸುವಾಗ ಹಿಂದೆ ಮುಂದೆ ಎರಡೂ ಕಡೆ ನಡೆಯಬಹುದಾದ ಹೆಜ್ಜೆಗಳಿರುತ್ತವೆ, ಹಾಗಾಗಿ ದಿಕ್ಕಿನ ಪ್ರಶ್ನೆ ಏಳುವುದಿಲ್ಲ. ಅಸಮತೆಗಳಲ್ಲಿ ಹಾಗಲ್ಲ. ವ್ಯತ್ಯಾಸ 26/n ಗಿಂತ ಕಡಿಮೆ ಎಂಬುದರಿಂದ, 26/n ಚಿಕ್ಕದಾದರೆ ವ್ಯತ್ಯಾಸವೂ ಚಿಕ್ಕದು ಎನ್ನಬಹುದು. ವ್ಯತ್ಯಾಸ ಚಿಕ್ಕದಾಗಿದ್ದರೆ 26/n ಚಿಕ್ಕದು ಎನ್ನಲು ಬರುವುದಿಲ್ಲ. n = 1304 ರಲ್ಲಿ ವ್ಯತ್ಯಾಸ 0.01 ಕ್ಕಿಂತ ಕಡಿಮೆ, ಆದರೆ 26/1304 ಹೆಚ್ಚುಕಡಿಮೆ 0.02.

ಕಚ್ಚಾ ಕೆಲಸವನ್ನು ಪಕ್ಕಕ್ಕಿಟ್ಟು ಬರೆದ ಅಂತಿಮ ಸಾಧನೆ ನಾಲ್ಕೈದು ಸಾಲು ಮೀರುವುದಿಲ್ಲ:

ε > 0 ಕೊಟ್ಟಿದೆ ಎನ್ನಿ. N ≥ 10 ಮತ್ತು N ≥ 26/ε ಆಗುವಂತೆ ಒಂದು ಸ್ವಾಭಾವಿಕ ಸಂಖ್ಯೆ N ಆರಿಸಿ. n ≥ N ಇರಲಿ. n ≥ 10 ಆದ್ದರಿಂದ 5n ≤ n²/2, ಹಾಗಾಗಿ n² − 5n + 7 > n²/2 > 0. ಜೊತೆಗೆ |13n − 14| ≤ 13n. ಆದ್ದರಿಂದ

|a_n − 2| = |13n − 14| / (n² − 5n + 7) < 26/n ≤ 26/N ≤ ε

26 ಎಲ್ಲಿಂದ ಉದುರಿತು ಎಂದು ಓದುವವರಿಗೆ ಅಚ್ಚರಿಯಾಗಬಹುದು. ಆಗಲಿ. ಅದನ್ನು ಹೇಗೆ ಕಂಡುಕೊಂಡಿರಿ ಎಂದು ಹೇಳುವ ಋಣ ಸಾಧನೆಗಿಲ್ಲ.

ಈ ಸಾಧನೆಯ ಕ್ರಮದಲ್ಲಿ ಇನ್ನೊಂದು ವಿಷಯ ಗಮನಿಸಿ: ε ಮೊದಲು ಬರುತ್ತದೆ, N ಆಮೇಲೆ, n ಎಲ್ಲಕ್ಕಿಂತ ಕೊನೆಗೆ. ಹಾಗಾಗಿ N ನ ಸೂತ್ರದಲ್ಲಿ ε ಇರಬಹುದು, n ಇರಕೂಡದು. 13n/(n²/2) < ε ಎಂಬಲ್ಲಿ n ಗಳನ್ನು ಹೊಡೆದುಹಾಕದೆ "n² > 26n/ε, ಆದ್ದರಿಂದ N = √(26n/ε)" ಎಂದು ಬರೆದ ಉತ್ತರಗಳಿರುತ್ತವೆ. N ಹುಟ್ಟುವ ಹೊತ್ತಿಗೆ n ಇನ್ನೂ ಹುಟ್ಟಿಯೇ ಇಲ್ಲ. ಬಾರ್ಟಲ್ ಮತ್ತು ಶೆರ್ಬರ್ಟ್ ಅವರ ಪಠ್ಯಪುಸ್ತಕ ಈ ಕ್ರಮಾಂಕವನ್ನು K(ε) ಎಂದೇ ಬರೆಯುತ್ತದೆ, ಅದು ಯಾವುದರ ಮೇಲೆ ನಿಂತಿದೆ ಎಂಬುದು ಕಣ್ಣೆದುರೇ ಇರಲಿ ಎಂದು. ಈ ಕ್ರಮ ಹೊಸತೂ ಅಲ್ಲ. 1821 ರ ತನ್ನ ಪಾಠಪುಸ್ತಕದಲ್ಲಿ f(x + 1) − f(x) ಎಂಬುದು k ಕಡೆಗೆ ಹೋದರೆ f(x)/x ಕೂಡ k ಕಡೆಗೆ ಹೋಗುತ್ತದೆ ಎಂದು ಸಾಧಿಸುವಾಗ ಕೋಶಿ ಮಾಡಿದ್ದೂ ಇದನ್ನೇ. ಬೇಕಾದಷ್ಟು ಚಿಕ್ಕದಾದ ε ಮೊದಲು, ಅದಕ್ಕೆ ತಕ್ಕಷ್ಟು ದೊಡ್ಡದಾದ h ಆಮೇಲೆ. ಅತಿ ಚಿಕ್ಕ h ಯಾವುದು ಎಂದು ಆತನೂ ಹುಡುಕಲು ಹೋಗಲಿಲ್ಲ.

ತಪ್ಪು ಕಲ್ಪನೆ: ε = 0.1, 0.01, 0.001 ಕ್ಕೆ N ತೋರಿಸಿದರೆ ಸಾಕು.

ವಾಸ್ತವ: ಸಾಲದು. ಮೂರು ε ಗಳಿಗೆ ಉತ್ತರ ಕೊಟ್ಟಂತಾಯಿತು, ನಾಲ್ಕನೆಯದನ್ನು ಯಾರಾದರೂ ಕೇಳಬಹುದು. ε ಗೆ ಬೆಲೆ ಹಾಕುವುದು ಲೆಕ್ಕ ತಪ್ಪಿದೆಯೇ ಎಂದು ನೋಡಲು ಒಳ್ಳೆಯದು, ಮೇಲೆ ನಾವೇ ಮಾಡಿದ ಹಾಗೆ. ಸಾಧನೆಯಲ್ಲಿ ε ಅಕ್ಷರವಾಗಿಯೇ ಉಳಿಯಬೇಕು.

ತಪ್ಪು ಕಲ್ಪನೆ: ಹೀಗೆ ಹಿಗ್ಗಿಸುತ್ತಾ ಕುಗ್ಗಿಸುತ್ತಾ ಹೋದರೆ ಯಾವ ಸಂಖ್ಯೆಯನ್ನು ಬೇಕಾದರೂ ಮಿತಿ ಎಂದು ತೋರಿಸಿಬಿಡಬಹುದು.

ವಾಸ್ತವ: ಇಷ್ಟೊಂದು ಧಾರಾಳತನ ನೋಡಿದವರಿಗೆ ಈ ಅನುಮಾನ ಬಂದರೆ ಆಶ್ಚರ್ಯವಿಲ್ಲ. ಪ್ರಯತ್ನಿಸಿ ನೋಡೋಣ. ಇದೇ ಅನುಕ್ರಮದ ಮಿತಿ 3 ಎಂದು ಹಟ ಹಿಡಿಯಿರಿ. ವ್ಯತ್ಯಾಸ ಹೀಗಾಗುತ್ತದೆ:

a_n − 3 = (−n² + 18n − 21) / (n² − 5n + 7)

ಈ ಸಲ ಅಂಶದಲ್ಲಿ n² ರದ್ದಾಗಲಿಲ್ಲ. ಮೊದಲ ಅಪಾಯದ ಸೂಚನೆ ಅದೇ. ಅಂಶ, ಛೇದ ಎರಡರಲ್ಲೂ ಒಂದೇ ಘಾತ ಇರುವಾಗ C/n ಎಂಬ ಮೇಲ್ಮಿತಿ ಎಲ್ಲಿಂದಲೂ ಸಿಗುವುದಿಲ್ಲ. ಅಂಶವನ್ನು ಹಿಗ್ಗಿಸಿ ಛೇದವನ್ನು ಕುಗ್ಗಿಸಿದರೆ ಯಾವುದೋ ಸ್ಥಿರಸಂಖ್ಯೆ ಬರುತ್ತದೆ, ಅದನ್ನು ε ಗಿಂತ ಕೆಳಗೆ ಇಳಿಸಲು n ಗೆ ಶಕ್ತಿಯಿಲ್ಲ. ಲೆಕ್ಕದ ಮಧ್ಯೆ ಹೀಗೆ ಸಿಕ್ಕಿಹಾಕಿಕೊಂಡರೆ ಅಸಮತೆಗಳನ್ನು ಬೈಯುವ ಮೊದಲು ಮಿತಿಯ ಊಹೆಯನ್ನೂ ಕೂಡು-ಕಳೆಯುವಿಕೆಯನ್ನೂ ಇನ್ನೊಮ್ಮೆ ನೋಡಿ. ಹೆಚ್ಚಿನ ಸಲ ಒಂದು ಚಿಹ್ನೆ ತಪ್ಪಿರುತ್ತದೆ.

3 ಮಿತಿಯಲ್ಲ ಎಂದು ವ್ಯಾಖ್ಯೆಯಿಂದಲೇ ತೋರಿಸಲೂ ಬರುತ್ತದೆ, ಅದಕ್ಕೆ ಒಂದೇ ಒಂದು ε ಸಾಕು. ε = 1/2 ತೆಗೆದುಕೊಳ್ಳಿ. n ≥ 30 ಆದಾಗ n² − 31n + 35 > 0. ಇದನ್ನು ಬಿಡಿಸಿ ಜೋಡಿಸಿದರೆ n² − 18n + 21 ಎಂಬುದು n² − 5n + 7 ರ ಅರ್ಧಕ್ಕಿಂತ ಹೆಚ್ಚು ಎಂದು ಬರುತ್ತದೆ, ಅಂದರೆ |a_n − 3| > 1/2. ಯಾರು ಎಷ್ಟೇ ದೊಡ್ಡ N ಮುಂದಿಟ್ಟರೂ ಅದರಾಚೆಗೆ 30 ನ್ನು ಮೀರಿದ n ಇದ್ದೇ ಇರುತ್ತದೆ, ಆ n ಗೆ ಅಸಮತೆ ಸೋಲುತ್ತದೆ. ಎಷ್ಟೇ ಧಾರಾಳವಾಗಿ ಆರಿಸಿದರೂ ಇಲ್ಲಿ ಕೆಲಸ ಮಾಡುವ N ಒಂದೂ ಇಲ್ಲ.